ಬಾಗಿಲೆದುರಿನ ಹಲಗೆ

ಸೋದರತ್ತೆಯ ಅಂಗಡಿಗೆ ಕಾಲಿಟ್ಟವರ ಕಣ್ಣು ಮೊದಲು ಬೀಳುತ್ತಿದ್ದುದು ಗಡ್ಡ ಮೀಸೆಗಳ ಮೇಲೆ. ಬಾಗಿಲಿಗೆ ನೇರ ಎದುರಿನ ಗೋಡೆ, ಕಣ್ಣಿನ ಮಟ್ಟದ ಹಲಗೆ. ಅದರ ಮೇಲೆ ರಟ್ಟಿಗೆ ಹೊಲಿದ ಮೀಸೆಗಳು, ಅವನ್ನು ಅಂಟಿಸುವ ಗೋಂದಿನ ಸೀಸೆ, ಮುಖ ಬೆಳ್ಳಗೆ ಮಾಡುವ ಸಫೇದದ ಡಬ್ಬಿ, ಕೆನ್ನೆಗೆ ಹಚ್ಚುವ ಲಾಲಿ, ಮುಖಕ್ಕೆ ಬಳಿಯುವ ಬಣ್ಣದ ಕಡ್ಡಿಗಳು. ಎಲ್ಲವೂ ನಾಟಕದ ಸಾಮಾನು. ದಿನವೂ ಮಾರುವ ಪೌಡರು, ಕೂದಲೆಣ್ಣೆ, ಹಣೆಗಿಡುವ ಟಿಕಳಿ ಪಾಕೀಟು, ಶಾಂಪೂ ಮಾತ್ರ ಬಲಗೋಡೆಯ ಕತ್ತಲಲ್ಲಿ, ಅತ್ತೆ ಸ್ಟೂಲು ಹತ್ತಿ ತೆಗೆಯುವಷ್ಟು ಎತ್ತರದಲ್ಲಿ ಇರುತ್ತಿದ್ದವು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಬಿ.ಕಾಂ. ಕೊನೆಯ ಪರೀಕ್ಷೆ ಬರೆದು ಬೆಟಗೇರಿಯ ಮನೆಯಲ್ಲಿ ಕುಳಿತಿದ್ದೆ. 'ಫಲಿತಾಂಶ ಬರುವತನಕ ಅತ್ತಿ ಅಂಗಡ್ಯಾಗ ಕುಂಡ್ರು, ಲೆಕ್ಕ ಕಲತಾಕಿ ಅಲ್ಲೇನು' ಎಂದು ಅಪ್ಪ ಕಳಿಸಿದರು. ಅಂಗಡಿ ಇದ್ದುದು ಮಾರ್ಕೆಟ್ಟಿನಿಂದ ಬಸ್ ಸ್ಟ್ಯಾಂಡಿಗೆ ಹೋಗುವ ಓಣಿಯಲ್ಲಿ. ಮಾವ ಬಸ್ ಕಂಡಕ್ಟರ್, ಅಂಗಡಿಯ ವಿಷಯಕ್ಕೆ ಬರುತ್ತಿರಲಿಲ್ಲ. ಅದು ಅತ್ತೆಯದು.

ನನಗೆ ಶಾಲೆಯ ದಿನಗಳಿಂದ ದಿನಚರಿ ಬರೆಯುವ ರೂಢಿ. ಅಂಗಡಿಗೆ ಹೋದ ವಾರದಿಂದಲೇ ಯಾವ ಸಾಮಾನು ಎಷ್ಟು ಹೋಯಿತು ಎಂದು ಗೀರು ಎಳೆಯತೊಡಗಿದೆ. ಐದನೆಯ ಗೀರು ನಾಲ್ಕರ ಮೇಲೆ ಅಡ್ಡ. ಅತ್ತೆ ನೋಡಿ ನಕ್ಕಳು.

"ಏನಿದು, ಅಗಸರ ಲೆಕ್ಕ?"

"ಯಾವ್ದು ಹೊಂಟೈತಿ, ಯಾವ್ದು ಕುಂತೈತಿ ಅಂತ ಗೊತ್ತಾಗ್ತದ ಅತ್ತಿ."

"ಕುಂತಿದ್ದು ನಾನು. ಇಪ್ಪತ್ತು ವರ್ಷ ಆತು. ಬರ್ಕೋ."

ಆಷಾಢ ಬರುವ ಹೊತ್ತಿಗೆ ಗೀರುಗಳಿಂದ ಒಂದು ಸಂಗತಿ ಸ್ಪಷ್ಟವಾಗಿತ್ತು. ಎದುರಿನ ಹಲಗೆಗೆ ಒಂದು ಗೀರೂ ಬಿದ್ದಿರಲಿಲ್ಲ. ನಮ್ಮ ಕಡೆ ಊರೂರಿನ ಹುಡುಗರು ನಾಟಕ ಆಡುವುದು ಸುಗ್ಗಿ ಮುಗಿದ ಮೇಲೆ, ಸಂಕ್ರಾಂತಿಯಿಂದ ಮುಂಗಾರಿನ ತನಕ. ಊರಿನ ಹುಡುಗರು ಗಂಡು ಪಾತ್ರ ಮಾಡುತ್ತಾರೆ, ಹೆಣ್ಣು ಪಾತ್ರಕ್ಕೆ ಗದುಗಿನಿಂದ ಹೆಣ್ಣುಮಕ್ಕಳನ್ನು ಸಂಬಳ ಕೊಟ್ಟು ಕರೆಸುತ್ತಾರೆ. ಅವರೂ ಆ ಹುಡುಗರೂ ಆ ನಾಲ್ಕೈದು ತಿಂಗಳು ಬಂದರೆ ಬಂದರು. ಉಳಿದ ತಿಂಗಳೆಲ್ಲ ಅಂಗಡಿಯ ಅತ್ಯಂತ ಒಳ್ಳೆಯ ಜಾಗ ಸುಮ್ಮನೆ ಕುಳಿತಿರುತ್ತಿತ್ತು. ಆದರೂ ದಸರೆ ಬಂತೆಂದರೆ ಅತ್ತೆ ಹುಬ್ಬಳ್ಳಿಯ ಏಜೆಂಟನಿಗೆ ಹೊಸ ಬಣ್ಣ ತರಲು ಹೇಳುತ್ತಿದ್ದಳು, ಹಳೆಯದು ಇದ್ದರೂ.

ಏಕೆಂದು ನನಗೆ ಗೊತ್ತಿತ್ತು. ಮನೆಯವರಿಗೆಲ್ಲ ಗೊತ್ತಿತ್ತು. ಅತ್ತೆಗೊಬ್ಬ ಗೆಳತಿ ಇದ್ದಳು, ಬೆಟಗೇರಿಯ ನಮ್ಮ ಮನೆಯ ಓಣಿಯಲ್ಲಿ ಜೊತೆಗೆ ಬೆಳೆದವಳು, ನಾಟಕದ ಪಾತ್ರಕ್ಕೆ ಹೋಗುತ್ತಿದ್ದವಳು. ಅತ್ತೆಗೂ ಪಾತ್ರ ಮಾಡುವ ಆಸೆ ಇತ್ತಂತೆ, ಅಜ್ಜ ಬಿಡಲಿಲ್ಲ. ಅಂಗಡಿ ಹಾಕಿದಾಗ ಯಾವ ಬಣ್ಣ ತರಿಸಬೇಕೆಂದು ಹೇಳಿಕೊಟ್ಟವಳು ಆ ಗೆಳತಿಯೇ. ಮಧ್ಯಾಹ್ನ ಬಂದು ಒಳಗಿನ ಕನ್ನಡಿಯ ಮುಂದೆ ಕೂಡುತ್ತಿದ್ದಳು. ಅತ್ತೆ ಜಡೆ ಹಾಕುತ್ತಿದ್ದಳು. ಸಂಜೆಯ ಬಸ್ಸಿಗೆ ಹೊಂಬಳಕ್ಕೋ ಬೆಳ್ಳಟ್ಟಿಗೋ ಹೋಗಿ, ಬೆಳಗಿನ ಮೊದಲ ಬಸ್ಸಿಗೆ ತಿರುಗಿ ಬಂದು, ಅಂಗಡಿ ತೆಗೆಯುವುದನ್ನೇ ಕಾಯುತ್ತ ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು. ಚಹಾ ಬಂದ ಮೇಲೆ ರಾತ್ರಿಯ ನಾಟಕವನ್ನೆಲ್ಲ ಕುಳಿತಲ್ಲಿಯೇ ಆಡಿ ತೋರಿಸುತ್ತಿದ್ದಳಂತೆ. ಮಗಳ ಮದುವೆಯಾದ ಮೇಲೆ ಲಕ್ಷ್ಮೇಶ್ವರಕ್ಕೆ ಹೋದಳು. ಮೊದಮೊದಲು ಪಾತ್ರವಿದ್ದಾಗ ಬರುತ್ತಿದ್ದಳು. ಹಿಂದಿನ ಎರಡು ಸುಗ್ಗಿ ಬಂದಿರಲಿಲ್ಲ.

"ಈ ವರ್ಷ ಬರ್ತಾಳ," ಎನ್ನುತ್ತಿದ್ದಳು ಅತ್ತೆ. "ಬಂದಾಗ ಆಕಿಗೆ ಏನ್ ತೋರಿಸ್ಲಿ? ಶಾಂಪೂ?"

ನಾನು ಆ ಹಲಗೆಯನ್ನು ಬಿಟ್ಟು ಉಳಿದದ್ದನ್ನು ಹಿಡಿದೆ. ಆಗ ಅಂಗಡಿಯಲ್ಲಿ ಸಾಮಾನು ಮುಗಿದ ಮೇಲೆ ಮುಗಿದಿದೆ ಎಂದು ಗೊತ್ತಾಗುತ್ತಿತ್ತು. ಏಜೆಂಟ ಪ್ರತಿ ಮಂಗಳವಾರ ಬರುತ್ತಿದ್ದ, ಕೆಲವು ವಾರ ತಪ್ಪಿಸುತ್ತಲೂ ಇದ್ದ. ಎಲ್ಲಕ್ಕಿಂತ ಹೆಚ್ಚು ಹೋಗುವ ಪೌಡರು ವಾರಕ್ಕೆ ಹತ್ತಿರ ಹತ್ತಿರ ಆರು ಡಬ್ಬಿ ಹೋಗುತ್ತಿತ್ತು. ಅವನು ಒಂದು ವಾರ ತಪ್ಪಿಸಿದರೂ ಅಂಗಡಿ ಬರಿದಾಗಬಾರದು, ಅಂದರೆ ಹನ್ನೆರಡು ಉಳಿದಾಗಲೇ ಹೊಸದಕ್ಕೆ ಹೇಳಬೇಕು. ಸಾಲಿನ ಹಿಂದೆ ಹನ್ನೆರಡು ಡಬ್ಬಿ ಬಿಟ್ಟು, ಅವುಗಳ ಮುಂದೆ ಒಂದು ರಟ್ಟಿನ ತುಂಡು ನಿಲ್ಲಿಸಿದೆ. ಮುಂದಿನ ಡಬ್ಬಿಗಳು ಮಾರಿ ರಟ್ಟು ಕಂಡಿತೆಂದರೆ ಆರ್ಡರ್ ಬರೆಯುವುದು. ಹೊಸ ಮಾಲು ಬಂದಾಗ ಹಿಂದೆ ಇಡುವುದು, ಹಳೆಯದನ್ನು ಮುಂದಕ್ಕೆ ತರುವುದು. ಹೀಗೆ ಒಂದೊಂದು ಸಾಮಾನಿಗೂ ಅದರ ಓಟ ನೋಡಿ ಒಂದೊಂದು ರಟ್ಟು.

ಪಂಚಮಿಗೆ ನನ್ನ ರಟ್ಟು ಕೈಕೊಟ್ಟಿತು. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಮೆಹಂದಿ ಕೋನಿಗೆ ಮುಗಿಬಿದ್ದರು. ಆಷಾಢದ ಲೆಕ್ಕದಲ್ಲಿ ಇಟ್ಟಿದ್ದ ಕೋನುಗಳು ಒಂದೇ ಮಧ್ಯಾಹ್ನಕ್ಕೆ ಖಾಲಿ.

"ನಿನ್ನ ರಟ್ಟಿಗೆ ಪಂಚಮಿ ಗೊತ್ತಿಲ್ಲೇನಬೇ?" ಎಂದಳು ಅತ್ತೆ, ಬರಿಗೈಯಲ್ಲಿ ಹೋಗುತ್ತಿದ್ದ ಕಳಸಾಪುರದ ಹುಡುಗಿಯರನ್ನು ನೋಡುತ್ತ. "ಬಿ.ಕಾಂ. ರಟ್ಟು ಅದು. ಕ್ಯಾಲೆಂಡರ್ ಓದಿಲ್ಲ."

ಅಂದಿನಿಂದ ಹಬ್ಬ, ಲಗ್ನಸರಾಯಿ ಬರುವ ಮೊದಲು ರಟ್ಟುಗಳನ್ನು ಮುಂದಕ್ಕೆ ಸರಿಸುವುದನ್ನು ಕಲಿತೆ. ಯಾವುದಕ್ಕೆ ಎಷ್ಟು ಎಂದು ಅತ್ತೆ ಬಾಯಲ್ಲಿ ಹೇಳುತ್ತಿದ್ದಳು. ಅವಳಿಗೆ ಅಂಗಡಿ ಬರುತ್ತಿರಲಿಲ್ಲ ಎಂದಲ್ಲ. ಅವಳ ಮನಸ್ಸು ಎದುರಿನ ಹಲಗೆಯಲ್ಲಿತ್ತು.

ಕುಳಿತ ಮಾಲಿನದು ಬೇರೆ ಕತೆ. ಯಾರೂ ಕೇಳದ ನೀಲಿ, ಹಸಿರು ಉಗುರುಬಣ್ಣ, ವಾಸನೆ ಹಿಡಿಸದ ಸೆಂಟು, ಹಿಂದಿನ ವರ್ಷದ ಹೇರ್‌ಬ್ಯಾಂಡು. ಸೀಸೆ ಅಲುಗಿಸಿ ನೋಡಿ, ಗಟ್ಟಿಯಾದ ಉಗುರುಬಣ್ಣವನ್ನು ಎಸೆದೆ. ತಾರೀಖು ಮುಗಿಯಲು ಇನ್ನೂ ತಿಂಗಳುಗಳಿದ್ದ ಕ್ರೀಮನ್ನು ಏಜೆಂಟನ ಮುಂದಿಟ್ಟು ಬದಲಿಸಿಕೊಡಿ ಎಂದೆ.

"ಅಕ್ಕಾರ, ಈ ತಂಗಿ ಎಲ್ಲಿಂದ ಬಂದಳ್ರಿ?" ಎಂದ ಅವನು ಅತ್ತೆಗೆ. "ನಿಮ್ಮ ಅಂಗಡ್ಯಾಗ ಹತ್ತು ವರ್ಷ ನೆಮ್ಮದಿಯಿಂದ ಚಾ ಕುಡದೇನಿ."

"ಇನ್ನ ಮ್ಯಾಲ ಚಾದ ಲೆಕ್ಕಾನೂ ಬರೀತಾಳ, ಹುಷಾರ್."

ಅರ್ಧ ಕ್ರೀಮು ಬದಲಾಯಿತು. ಉಳಿದದ್ದನ್ನು ಬಾಗಿಲ ಪಕ್ಕ ಒಂದು ಬುಟ್ಟಿಯಲ್ಲಿ ಅರ್ಧ ಬೆಲೆಗೆ ಇಟ್ಟೆ. ನಡೆಯುವ ಟಿಕಳಿ ಪಾಕೀಟಿನ ಜೊತೆಗೆ ನಡೆಯದ ಹೇರ್‌ಬ್ಯಾಂಡನ್ನು ಕಟ್ಟಿ ಒಂದೇ ಬೆಲೆ ಬರೆದೆ. ಬಸ್ಸಿಗೆ ಓಡುವವರು ಬುಟ್ಟಿಯಲ್ಲಿ ಕೈಯಾಡಿಸದೆ ಹೋಗುತ್ತಿರಲಿಲ್ಲ. ಬುಟ್ಟಿ ತಳ ಕಂಡಾಗ ಬಂದ ದುಡ್ಡಿನಲ್ಲಿ ಪೌಡರು, ಶಾಂಪೂ ತರಿಸಿದೆವು. ಹೊಸ ಜಿಲ್ಲೆಯ ಕಚೇರಿಗಳಿಗೆ ವರ್ಗವಾಗಿ ಬಂದ ಹೆಣ್ಣುಮಕ್ಕಳು ಮುಖ ತೊಳೆಯುವ ಕ್ರೀಮು ಕೇಳುತ್ತಿದ್ದರು, ಅದನ್ನೂ ನಾಲ್ಕೇ ನಾಲ್ಕು ತರಿಸಿ ನೋಡಿದೆವು.

ಆದರೆ ತರಿಸಿದ್ದನ್ನು ಇಡಲು ಜಾಗವಿರಲಿಲ್ಲ. ಬಲಗೋಡೆ ತುಂಬಿತ್ತು. ಓಣಿಯಲ್ಲಿ ಹೋಗುವವರಿಗೆ ಅದು ಕಾಣುತ್ತಲೂ ಇರಲಿಲ್ಲ. ಕೂದಲೆಣ್ಣೆ ಇದೆಯೇ ಎಂದು ಹೊರಗೆ ನಿಂತು ಕೇಳುತ್ತಿದ್ದರು, ನಾವು ಸ್ಟೂಲು ಹತ್ತುವಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿ ಓಡುತ್ತಿದ್ದರು. ದಸರೆಯ ಮುಂದೆ ನಾನು ಮಾತು ತೆಗೆದೆ.

"ಅತ್ತಿ, ನಾಟಕದ ಸಾಮಾನು ಒಳಗ ಕನ್ನಡಿ ಪಕ್ಕ ಇಡೋಣು. ಎದುರಿಗೆ ದಿನಾ ಹೋಗೂದು ಇಡೋಣು. ಈ ಸಲ ಹೊಸ ಬಣ್ಣಾನೂ ಬ್ಯಾಡ, ಇದ್ದದ್ದ ಎಣ್ಣಿ ಬಿಡಾಕ ಹತ್ತೈತಿ."

ಅತ್ತೆ ನನ್ನ ಕಡೆ ನೋಡಲಿಲ್ಲ. ಒಂದು ಬಣ್ಣದ ಕಡ್ಡಿ ತೆಗೆದು ಮಣಿಕಟ್ಟಿಗೆ ಉಜ್ಜಿಕೊಂಡಳು. ಗುಲಾಬಿಯ ಎಳೆ ಬರಬೇಕಾದಲ್ಲಿ ಗಂಟು ಗಂಟಾಗಿ ಬಂತು.

"ಬಸ್ಸಿನಿಂದ ಇಳದು ಬರ್ತಾಳ ಅಕಿ," ಎಂದಳು. "ದೂರದಿಂದ ಈ ಹಲಗಿ ಕಾಣ್ಬೇಕು. ಕಾಣ್ಲಿಲ್ಲ ಅಂದ್ರ ನಾನು ಮರತೇನಿ ಅಂತ ತಿಳ್ಕೋತಾಳ."

ಹೊಸ ಬಣ್ಣ ಬಂತು. ಹಲಗೆ ಮತ್ತೆ ತುಂಬಿತು.

ದೀಪಾವಳಿಗೆ ಮೊದಲು ಮಾವ ಊಟಕ್ಕೆ ಕುಳಿತಾಗ, ರೊಟ್ಟಿ ಮುರಿಯುತ್ತ, ಸಹಜವಾಗಿ ಒಂದು ಖಬರು ಹೇಳಿದರು. ಅವರಿಗೆ ಲಕ್ಷ್ಮೇಶ್ವರದ ಗಾಡಿಯ ಡ್ಯೂಟಿ ಬಿದ್ದಿತ್ತು. "ನಿನ್ನ ಗೆಳತಿ ಇವತ್ತ ನನ್ನ ಗಾಡ್ಯಾಗ ಇದ್ದಳು. ಗದುಗಿನ್ಯಾಗ ಇಳದಳು. ಕಣ್ಣಿನ ದವಾಖಾನಿಗೆ ತಿಂಗಳಿಗೊಮ್ಮಿ ಬರ್ತಾಳಂತ."

"ತಿಂಗಳಿಗೊಮ್ಮಿ?" ಎಂದಳು ಅತ್ತೆ.

"ಹಂಗಂದಳು."

ಅತ್ತೆ ಅವರಿಗೆ ಪಲ್ಯ ಬಡಿಸಿದಳು. ಬಸ್ ಸ್ಟ್ಯಾಂಡಿನಿಂದ ದವಾಖಾನೆಗೆ ಹೋಗುವ ದಾರಿ ನಮ್ಮ ಓಣಿಯೇ. ಅಂದರೆ ಗೆಳತಿ ತಿಂಗಳಿಗೊಮ್ಮೆ ನಮ್ಮ ಬಾಗಿಲ ಮುಂದಿನಿಂದ ಹೋಗುತ್ತಿದ್ದಳು, ಬರುತ್ತಿದ್ದಳು. ಒಳಗೆ ಬಂದಿರಲಿಲ್ಲ.

ಮರುದಿನ ಅಂಗಡಿ ತೆಗೆದ ಕೂಡಲೇ ಅತ್ತೆ ಎದುರಿನ ಹಲಗೆಯ ಮುಂದೆ ನಿಂತು, "ತಗಿ ಇದನ್ನೆಲ್ಲ. ಎಲ್ಲಿ ಇಡ್ತಿ ಇಡು," ಎಂದಳು. ಸಿಟ್ಟಿನ ದನಿಯಲ್ಲ. ಒಂದು ಪಾತ್ರೆ ಇಳಿಸು ಎಂದಂತೆ. ನಾನು ತೆಗೆಯುವಾಗ ಅವಳು ಓಣಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಗೆದ್ದೆನೆಂಬ ಖುಷಿ ನನಗೆ ಬರಲಿಲ್ಲ.

ಮೀಸೆಗಳು, ಸಫೇದ, ಕಡ್ಡಿಗಳು ಒಳಗೆ ಕನ್ನಡಿಯ ಪಕ್ಕದ ಕಪಾಟಿಗೆ ಹೋದವು. ಎದುರಿಗೆ ಕಣ್ಣಿನ ಮಟ್ಟದಲ್ಲಿ ಪೌಡರು, ಕೂದಲೆಣ್ಣೆ, ಕ್ರೀಮು. ಅದರ ಕೆಳಗೆ ತಲೆಗೆ ಹಚ್ಚುವ ಕಪ್ಪು ಬಣ್ಣದ ಪಾಕೀಟು, ಕಾಡಿಗೆ. ಕೂದಲ ಬಣ್ಣ ಕೇಳಲು ನಾಚುವವರು ಬಗ್ಗಿ ತಾವೇ ತೆಗೆದುಕೊಳ್ಳಲಿ ಎಂದು ಕೈಗೆ ಎಟಕುವಲ್ಲಿ ಇಟ್ಟೆ. ಶಾಂಪೂ ಪಾಕೀಟಿನ ಮಾಲೆಗಳು ಬಾಗಿಲ ಚೌಕಟ್ಟಿಗೆ. ಸಣ್ಣ ಬೆಲೆಯ ಪಿನ್ನು, ರಬ್ಬರು ದುಡ್ಡು ಕೊಡುವ ಜಾಗದಲ್ಲಿ. ಟಿಕಳಿಯನ್ನು ಬೇಕೆಂದೇ ಒಳಗಿನ ಕೊನೆಗೆ ಇಟ್ಟೆ. ಅದನ್ನು ಎಲ್ಲರೂ ಹುಡುಕಿಕೊಂಡು ಬರುತ್ತಾರೆ, ಹೋಗುತ್ತ ಬರುತ್ತ ಉಳಿದದ್ದು ಕಣ್ಣಿಗೆ ಬೀಳುತ್ತದೆ. ಆ ದೀಪಾವಳಿಗೆ ಗೀರು ಎಳೆಯಲು ಪುರಸೊತ್ತಾಗಲಿಲ್ಲ, ರಾತ್ರಿ ಖಾಲಿ ಜಾಗ ಎಣಿಸಿ ಬರೆದೆ.

ನಾಟಕದವರು ಏನು ಮಾಡುತ್ತಾರೆಂಬ ಚಿಂತೆ ಇತ್ತು. ಮೀಸೆ ಕಾಣದಿದ್ದರೆ ಇಲ್ಲವೆಂದು ತಿಳಿದು ಬೇರೆ ಕಡೆ ಹೋಗುತ್ತಾರೆ. ಅದಕ್ಕೆ ಒಂದೇ ಒಂದು ಮೀಸೆಯ ರಟ್ಟನ್ನು ಬಾಗಿಲಿಗೆ ತೂಗುಹಾಕಿದೆ. ಅಷ್ಟೇ ಸಾಕಾಯಿತು. ಜನವರಿಯಲ್ಲಿ ಶಾಲೆಗಳ ವಾರ್ಷಿಕೋತ್ಸವದ ಗ್ಯಾದರಿಂಗ್ ಬಂದಾಗ ಮಾಸ್ತರರು ಅದನ್ನು ನೋಡಿ ಒಳಗೆ ಬಂದರು. ಬಣ್ಣವನ್ನು ಒಂದೊಂದಾಗಿ ಮಣಿಕಟ್ಟಿಗೆ ಉಜ್ಜಿ, ವಾಸನೆ ನೋಡಿ, ಕೆಟ್ಟದ್ದನ್ನು ಮೊದಲೇ ಎಸೆದಿದ್ದೆ. ಅದು ಹುಡುಗರ ಮುಖಕ್ಕೆ ಹೋಗುವುದು. ಉಳಿದದ್ದನ್ನು ಒಂದು ಸಫೇದ, ಒಂದು ಲಾಲಿ, ಒಂದು ಕಾಡಿಗೆ, ಎರಡು ಮೀಸೆ ಹೀಗೆ ಗಂಟು ಮಾಡಿ ಕಡಿಮೆ ಬೆಲೆಗೆ ಕೊಟ್ಟೆ. ಮುಂಡರಗಿ ಕಡೆಯ ಒಬ್ಬ ಮಾಸ್ತರರು ನಾಲ್ಕು ಗಂಟು ಒಯ್ದರು.

"ಎಲ್ಲಾರೂ ರಾಜಾ ಏನ್ರೀ ಸರ, ಅಷ್ಟು ಮೀಸಿ?" ಎಂದಳು ಅತ್ತೆ.

"ಏನ್ ಮಾಡೋದ್ರೀ ಅಕ್ಕಾರ, ಪ್ರಜಾ ಆಗಾಕ ಯಾ ಹುಡುಗನೂ ಒಲ್ಲೆ ಅಂತಾನ."

ಅತ್ತೆ ನಕ್ಕಳು. ಆದರೆ ಓಣಿಯ ಕಡೆ ನೋಡುವುದನ್ನು ಬಿಡಲಿಲ್ಲ. ಈಗ ಅವಳು ಕಾಯುವುದು ಬೇರೆ ರೀತಿಯದಾಗಿತ್ತು. ಮೊದಲು ಬರುತ್ತಾಳೆಂದು ಕಾಯುತ್ತಿದ್ದಳು. ಈಗ ಮುಂದಿನಿಂದ ಹೋಗುವುದಾದರೂ ಕಾಣಲಿ ಎಂದು. ಪಾತ್ರಕ್ಕೆ ಹೋಗುವ ಚಿಕ್ಕ ಹುಡುಗಿಯರು ಬಂದು ಕನ್ನಡಿಯ ಮುಂದೆ ಕಚಗುಳಿ ಇಟ್ಟಂತೆ ನಗುತ್ತಿದ್ದಾಗ ಅತ್ತೆ ಅವರಿಗೆ ಬೇಕಾದ್ದನ್ನು ಕೊಟ್ಟು, ಅವರ ಜಡೆಯ ಕಡೆಗೊಮ್ಮೆ ನೋಡಿ, ತಿರುಗಿ ತನ್ನ ಜಾಗಕ್ಕೆ ಬಂದು ಕೂಡುತ್ತಿದ್ದಳು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ ಒಳಗೆ ಟಿಕಳಿ ಜೋಡಿಸುತ್ತಿದ್ದಳು. ಎತ್ತರದ, ಸ್ವಲ್ಪ ಬಾಗಿದ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ, ಕರಿ ಕನ್ನಡಕ ತೆಗೆದು, ಎದುರಿನ ಹಲಗೆಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿದಳು. ಬಗ್ಗಿ, ಕೂದಲಿನ ಕಪ್ಪು ಬಣ್ಣದ ಒಂದು ಪಾಕೀಟು ತೆಗೆದುಕೊಂಡಳು.

"ಇದಕ್ಕೆಷ್ಟು ತಂಗಿ?"

ದನಿ ಕೇಳಿ ಅತ್ತೆ ಹೊರಗೆ ಬಂದಳು.

"ಬಂದಿ ಏನಬೇ," ಎಂದಳು ಅತ್ತೆ.

"ಬಂದ್ನಿ. ತಲಿ ಬೆಳ್ಳಗಾಗೈತಿ, ಬಣ್ಣ ಬೇಕಾಗಿತ್ತು."

"ಕಣ್ಣಿನ ದವಾಖಾನಿ ಸುದ್ದಿ ನನಗ ಕಂಡಕ್ಟರ್ ಹೇಳ್ಬೇಕಾತು. ತಿಂಗಳಿಗೊಮ್ಮಿ ಈ ಬಾಗಿಲಾ ದಾಟಿ ಹೋಗಾಕಿ. ನಾ ಏನ್ ಮಾಡಿದ್ದೆ ನಿನಗ?"

ಗೆಳತಿ ಸ್ಟೂಲಿನ ಮೇಲೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಪರೇಷನ್ ಆದ ಕಣ್ಣು, ನೀರು ಬರುತ್ತಲೇ ಇತ್ತು.

"ನೀ ಏನೂ ಮಾಡಿಲ್ಲ. ಅಷ್ಟು ಬಣ್ಣ ಎದುರಿಗೆ ಇಟ್ಕೊಂಡು ಕುಂತಿದ್ದಿ. ಹೊಸಾವು, ಹೊಳೀತಿದ್ವು. ಒಳಗ ಬಂದ್ರ ಮೊದಲ ಏನ್ ಕೇಳ್ತಿದ್ದಿ? ಈ ವರ್ಷ ಯಾ ಊರಬೇ ಅಂತಿದ್ದಿ. ಯಾ ಊರು ಅನ್ಲಿ?"

ಅತ್ತೆ ಕೈಯಲ್ಲಿದ್ದ ಟಿಕಳಿ ಪಾಕೀಟನ್ನು ಹಲಗೆಯ ಮೇಲಿಟ್ಟಳು.

"ಮೂರು ವರ್ಷ ಆತು, ಯಾ ಊರವರೂ ಕರದಿಲ್ಲ. ಹುಡುಗೂರು ತಮ್ಮ ವಯಸ್ಸಿನಾಕೀನ ಕೇಳ್ತಾರ. ತಾಯಿ ಪಾತ್ರಕ್ಕರ ಕರದಾರು ಅಂದ್ರ, ಅದಕ್ಕ ಅವರ ಊರಾಗಿನ ಒಬ್ಬ ಗಡ್ಡದಾಂವ ಸಾಕಾಗ್ಯಾನ. ಗಡ್ಡ ಬೋಳಿಸಿ ಸೀರಿ ಉಡಿಸಿದ್ರ ಆತು, ಸಂಬಳಾ ಉಳೀತದ." ಅವಳು ನಕ್ಕಳು. "ಇವತ್ತ ನೋಡ್ತೇನಿ, ಎಣ್ಣಿ ಐತಿ, ಪೌಡರ್ ಐತಿ. ಎಲ್ಲಾರ ಅಂಗಡಿ ಆಗೈತಿ. ನಾನೂ ಬರಬಹುದು ಅನಸ್ತು."

"ನಿನ್ನ ಸಲುವಾಗಿ ಇಟ್ಟಿದ್ನಲ್ಲಬೇ ಅದನ್ನ," ಎಂದಳು ಅತ್ತೆ. ದನಿ ಬಹಳ ಸಣ್ಣದಾಗಿತ್ತು.

"ಗೊತ್ತೈತಿ. ಅದಕ್ಕ ಬರಾಕ ಆಗ್ಲಿಲ್ಲ."

ನಾನು ಚಹಾ ಹೇಳಲು ಹೋದೆ. ತಿರುಗಿ ಬಂದಾಗ ಅವರು ಯಾರದೋ ಸೊಸೆಯ ಬಗ್ಗೆ, ಮೊಣಕಾಲ ನೋವಿನ ಬಗ್ಗೆ ಮಾತಾಡುತ್ತಿದ್ದರು. ಬಿಸಿ ಚಹಾವನ್ನು ಇಬ್ಬರೂ ಕಪ್ಪಿನಿಂದ ಬಸಿಗೆ ಸುರುವಿಕೊಂಡು ಕುಡಿದರು. ಒಮ್ಮೆ ಅತ್ತೆ, "ಆ ಸವತಿ ಪಾರ್ಟಿನ ಮಾತು ಒಂದ್ಸಲ ಅನ್ನಬೇ, ನಾ ಕೇಳಿ ಭಾಳ ದಿನ ಆತು," ಎಂದಳು. ಗೆಳತಿ ಬೆನ್ನು ನೆಟ್ಟಗೆ ಮಾಡಿಕೊಂಡಳು, ಬಾಯಿ ತೆರೆದಳು, ಮೊದಲ ಮಾತು ಬರಲಿಲ್ಲ. ಎರಡು ಸಲ ತುಟಿ ಆಡಿಸಿ, "ಮುಂದಿನ ತಿಂಗಳ ಬರ್ತೇನಲ್ಲ, ಅಷ್ಟರಾಗ ನೆನಪಾಗ್ತದ," ಎಂದು ಚೀಲ ಎತ್ತಿಕೊಂಡಳು. ಅತ್ತೆ ಪಾಕೀಟಿನ ದುಡ್ಡು ಬೇಡವೆಂದಳು. ಗೆಳತಿ ಅದನ್ನು ನನ್ನ ಕೈಯಲ್ಲಿ ತುರುಕಿದಳು. "ಗಿರಾಕಿ ಆಗೇ ಬಂದೇನಿ. ಬರ್ಕೊಳ್ಳಬೇ ತಂಗಿ."

"ಬಸ್ಸಿಗೆ ಬಿಟ್ಟು ಬರ್ತೇನಿ, ನೋಡ್ಕೋ," ಎಂದು ಅತ್ತೆ ಚಪ್ಪಲಿ ಮೆಟ್ಟಿಕೊಂಡಳು. ಗಿರಾಕಿ ಇರುವ ಹೊತ್ತಿನಲ್ಲಿ ಅವಳು ಅಂಗಡಿ ಬಿಟ್ಟು ಹೋದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಈಗ ನಾನು ಶಿರಹಟ್ಟಿಯಲ್ಲಿದ್ದೇನೆ, ಒಂದು ಕಚೇರಿಯಲ್ಲಿ. ಆ ವರ್ಷದ ದಿನಚರಿ ಪೆಟ್ಟಿಗೆಯಲ್ಲಿದೆ. ಎಷ್ಟು ಪೌಡರು, ಎಷ್ಟು ಕೋನು ಹೋದವೆಂದು ಅದರಿಂದ ಹೇಳಬಲ್ಲೆ. ಆ ಮಧ್ಯಾಹ್ನಕ್ಕೆ ಒಂದೇ ಗೀರು, ಕೂದಲಿನ ಬಣ್ಣದ ಸಾಲಿನಲ್ಲಿ. ಅದನ್ನು ನೋಡಿದಾಗಲೆಲ್ಲ ಆ ಓಣಿಗೆ ಹೋಗಿ ಬಾಗಿಲ ಬಳಿ ಕೂಡಬೇಕೆನಿಸುತ್ತದೆ, ಬೆಲೆ ಕೇಳುವವರು ಯಾರೂ ಇರದ ಹೊತ್ತಿನಲ್ಲಿ.

ಬಸ್ ಸ್ಟ್ಯಾಂಡು ನಮ್ಮ ಅಂಗಡಿಯಿಂದ ಕೂಗಳತೆಯ ದೂರ. ಗೆಳತಿಯನ್ನು ಬಿಡಲು ಹೋದ ಅತ್ತೆ ಅಂದು ಸಂಜೆಯಾದರೂ ಬರಲಿಲ್ಲ. ದೀಪ ಹಚ್ಚಿದೆ, ಬಸ್ಸಿಗೆ ಓಡುವ ಗಿರಾಕಿಗಳನ್ನು ಒಬ್ಬಳೇ ಕಳಿಸಿದೆ, ಶಟರು ಅರ್ಧ ಎಳೆದೆ. ಆಗ ಬಂದಳು. ಕೂದಲ ತುಂಬ ರಸ್ತೆಯ ಧೂಳಿತ್ತು.

"ಎಲ್ಲಿಗೆ ಹೋಗಿದ್ದಿ ಅತ್ತಿ? ನಾ ಮಾವಗ ಹೇಳಿ ಕಳಸೂದಿತ್ತು."

"ಮುಳಗುಂದದ ತನಕ, ಲಕ್ಷ್ಮೇಶ್ವರದ ಅರ್ಧ ದಾರಿ. ಅಕಿ ಗಾಡಿ ಹತ್ತಿದಳು, ನಾನೂ ಹತ್ತಿದೆ."

"ಏನ್ ಮಾತಾಡಿದ್ರಿ ಅಷ್ಟು ಹೊತ್ತು?"

ಅತ್ತೆ ಶಟರಿನ ಇನ್ನೊಂದು ತುದಿ ಹಿಡಿದಳು.

"ಏನಿಲ್ಲ. ಸೀಟ್ ಸಿಗಲಿಲ್ಲ. ಹತ್ತರ ಹತ್ತರ ನಿಂತಿದ್ವಿ."